ಹೆಡ್ ಕುಕ್ ನಿವೃತ್ತಿಗೆ ಅಡುಗೆಮನೆಯವರೇ ಮಾಡುವ ಭಾಷಣ: ಬರೆಯುವುದರಿಂದ ಓದುವವರೆಗೆ

ನಾನು ಬರೆದ ಮೊದಲ ಬೀಳ್ಕೊಡುಗೆ ಭಾಷಣ ಚೆನ್ನಾಗಿರಲಿಲ್ಲ. ನಮ್ಮ ಹೆಡ್ ಕುಕ್ ಅಕ್ಕ ನಿವೃತ್ತಿಯಾಗುತ್ತಿದ್ದರು. ಹಿಂದಿನ ರಾತ್ರಿ ಕೂತು ಒಂದು ಪುಟ ಗೀಚಿದೆ. ‘ಅನ್ನಪೂರ್ಣೆ’ ಇತ್ತು, ‘ಕೈರುಚಿ’ ಇತ್ತು, ಕೊನೆಗೆ ‘ಇದು ನಮಗೆ ತುಂಬಲಾರದ ನಷ್ಟ’ ಅಂತಲೂ ಇತ್ತು. ಅದು ತೀರಿಹೋದವರ ಬಗ್ಗೆ ಪೇಪರಿನಲ್ಲಿ ಹಾಕಿಸುವ ಮಾತು. ಅಕ್ಕ ಎದುರಿಗೇ ಕೂತಿದ್ದರು. ಜನ ಚಪ್ಪಾಳೆ ತಟ್ಟಿದರು, ಅಕ್ಕ ನೆಲ ನೋಡುತ್ತಿದ್ದರು, ಅಷ್ಟೇ.

ಆಮೇಲೆ ಟೀ ಕುಡಿಯುವಾಗ ಪಾತ್ರೆ ತೊಳೆಯುವ ಹುಡುಗ ಕೇಳಿದ: “ಅಕ್ಕಾ, ಇನ್ಮೇಲೆ ತಳ ಹಿಡಿದ ಪಾತ್ರೆಗೆ ನೀರು ಕುದಿಸಿ ಕೊಡೋರು ಯಾರು?” ಅಕ್ಕ ಲೋಟ ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು. ವಿಷಯ ಏನಂದರೆ, ಪಾತ್ರೆ ತಳ ಹಿಡಿದರೆ ಅಕ್ಕ ಅದನ್ನು ಹಾಗೇ ಸಿಂಕಿಗೆ ತಳ್ಳುತ್ತಿರಲಿಲ್ಲ. ನೀರು ಸುರಿದು, ಮತ್ತೆ ಒಲೆ ಮೇಲಿಟ್ಟು, ಕುದಿ ಬಂದಾಗ ಮರದ ಸೌಟಿನಿಂದ ಕೆರೆದು, ಆಮೇಲೆ ತೊಳೆಯಲು ಕೊಡುತ್ತಿದ್ದರು. ಇಷ್ಟು ವರ್ಷದಲ್ಲಿ ಅದನ್ನು ಗಮನಿಸಿದ್ದು ಅವನೊಬ್ಬನೇ. ನನ್ನ ಒಂದು ಪುಟಕ್ಕಿಂತ ಅವನ ಒಂದು ಪ್ರಶ್ನೆ ಜಾಸ್ತಿ ಹೇಳಿತ್ತು.

ಮ್ಯಾನೇಜರು ಮಾಡುವ ಭಾಷಣವೇ ಬೇರೆ, ಅಡುಗೆಮನೆಯವರು ಮಾಡುವ ಭಾಷಣವೇ ಬೇರೆ. ಸೇವೆ, ನಿಷ್ಠೆ, ವರ್ಷಗಳ ಲೆಕ್ಕ ಎಲ್ಲ ಅವರು ಹೇಳುತ್ತಾರೆ. ಒಲೆ ಪಕ್ಕ ನಿಂತವರಿಗೆ ಮಾತ್ರ ಗೊತ್ತಿರುವುದನ್ನು ನಾವು ಹೇಳಬೇಕು. ಅದನ್ನು ಹೇಗೆ ಹುಡುಕುವುದು, ಹೇಗೆ ಆರಿಸುವುದು, ಹೇಗೆ ಓದುವುದು ಅನ್ನುವುದನ್ನು ಆಮೇಲೆ ಇನ್ನೊಂದು ಅಡುಗೆಮನೆಯಲ್ಲಿ ನಾವು ಮಾಡಿದ ಭಾಷಣವನ್ನೇ ಇಟ್ಟುಕೊಂಡು ಬರೆಯುತ್ತೇನೆ. ಅದು ದಿನಕ್ಕೆ ಸುಮಾರು 180 ಊಟ ಹೋಗುವ ಒಂದು ಕ್ಯಾಂಟೀನು. ಹೆಡ್ ಕುಕ್ ಸೇರಿ ಆರು ಜನ ಇದ್ದೆವು: ಎರಡನೇ ಕುಕ್, ನಾನೂ ಸೇರಿ ಇಬ್ಬರು ಸಹಾಯಕರು, ತರಕಾರಿ ಹೆಚ್ಚುವವರು, ಪಾತ್ರೆ ತೊಳೆಯುವವರು. ಹೆಡ್ ಕುಕ್ ಅವರನ್ನು ಎಲ್ಲರೂ ‘ಅಣ್ಣ’ ಅನ್ನುತ್ತಿದ್ದೆವು. 22 ವರ್ಷ ಅಲ್ಲೇ ಇದ್ದವರು.

ಮೊದಲು ಹೊತ್ತು ಮತ್ತು ಜಾಗ

ಹತ್ತು ದಿನ ಮುಂಚೆ ಶುರು ಮಾಡಿ. ಹೊತ್ತು ಮಾತ್ರ ಮೊದಲ ದಿನವೇ ಗೊತ್ತು ಮಾಡಿಕೊಳ್ಳಿ. ಊಟದ ಸರ್ವಿಸ್ ಮುಗಿದು, ಪಾತ್ರೆ ತೊಳೆದು, ಎಲ್ಲರೂ ಒಮ್ಮೆ ಕೂತೆದ್ದ ಮೇಲೆ ಇಟ್ಟುಕೊಳ್ಳಬೇಕು. ಸರ್ವಿಸ್ ಮುಗಿದ ತಕ್ಷಣ ಇಟ್ಟರೆ ಪಾತ್ರೆ ತೊಳೆಯುವವರು ಸಿಂಕಿನ ಹತ್ತಿರವೇ ಉಳಿದುಬಿಡುತ್ತಾರೆ. ಬೀಳ್ಕೊಡುಗೆ ಫೋಟೋಗಳಲ್ಲಿ ಅವರು ಕಾಣದಿರಲು ಇದೇ ಕಾರಣ. ನಾವು ನಾಲ್ಕು ಗಂಟೆ ಅಂತ ಇಟ್ಟುಕೊಂಡೆವು.

ಇನ್ನೊಂದು ವಿಷಯ ಆವತ್ತೇ ಸ್ಪಷ್ಟವಾಗಿರಲಿ. ತಮ್ಮ ಬೀಳ್ಕೊಡುಗೆಯ ಅಡುಗೆಯನ್ನು ಹೆಡ್ ಕುಕ್ ಮಾಡಬಾರದು. ‘ನಾನಿಲ್ಲದೆ ಇಪ್ಪತ್ತೈದು ಜನಕ್ಕೆ ಅಳತೆ ತಪ್ಪುತ್ತೆ’ ಅಂತ ಒಳಗೆ ಬಂದೇ ಬರುತ್ತಾರೆ. ಆವತ್ತು ಮಧ್ಯಾಹ್ನ ಅವರನ್ನು ಹೊರಗೆ ಕೂರಿಸಿ ಮಾತಾಡಿಸುವುದಕ್ಕೆ ಒಬ್ಬರನ್ನು ನೇಮಿಸಿ. ನಮ್ಮಲ್ಲಿ ಆ ಕೆಲಸಕ್ಕೆ ಅವರ ಮೊಮ್ಮಗಳು ಸಿಕ್ಕಳು. ಅಷ್ಟಾದರೂ ಎರಡು ಸಲ ಬಾಗಿಲಲ್ಲಿ ಇಣುಕಿದರು.

ವಿಷಯ ಕೂಡಿಸುವುದು

ಎಲ್ಲರನ್ನೂ ಒಟ್ಟಿಗೆ ಕೂರಿಸಿ “ಅಣ್ಣನ ಬಗ್ಗೆ ಏನಾದ್ರೂ ಹೇಳಿ” ಅಂತ ಕೇಳಿದರೆ ಸಿಗುವ ಉತ್ತರ ಒಂದೇ: “ತುಂಬಾ ಒಳ್ಳೆಯವರು.” ಮೊದಲನೆಯವರು ಹಾಗಂದರೆ ಉಳಿದವರೂ ಹಾಗೇ ಅನ್ನುತ್ತಾರೆ. ಅಡುಗೆಮನೆಯ ಜನಕ್ಕೆ ಕೂತು ಮಾತಾಡಿ ಅಭ್ಯಾಸ ಇಲ್ಲ. ಕೈಗೆ ಕೆಲಸ ಇದ್ದಾಗ ಬಾಯಿ ತೆರೆಯುತ್ತದೆ. ಹಾಗಾಗಿ ಒಬ್ಬೊಬ್ಬರನ್ನೇ, ಅವರು ಕೆಲಸ ಮಾಡುತ್ತಿರುವಾಗಲೇ, ಪಕ್ಕ ನಿಂತು ನೀವೂ ಒಂದಿಷ್ಟು ತರಕಾರಿ ಹೆಚ್ಚುತ್ತಾ ಕೇಳಿ. ಹೆಡ್ ಕುಕ್ ಆಸುಪಾಸಿನಲ್ಲಿ ಇರಬಾರದು, ಅಷ್ಟೇ.

ನಾನು ಕೇಳಿದ್ದು ಮೂರೇ ಪ್ರಶ್ನೆ. ಇವತ್ತು ಬೆಳಿಗ್ಗೆ ನೀನು ಮಾಡಿದ ಯಾವ ಕೆಲಸ ಅವರಿಂದ ಕಲಿತದ್ದು? ಅವರು ಪದೇಪದೇ ಹೇಳುವ ಮಾತು ಯಾವುದು? ಅವರು ರಜೆ ಹಾಕಿದ ದಿನ ಏನು ತಪ್ಪಿತು?

ಮೂರನೆಯದೇ ಬಂಗಾರದ ಪ್ರಶ್ನೆ. ಹೊಗಳಿಕೆ ಕೇಳಿದರೆ ಜನ ನಾಚುತ್ತಾರೆ. ಆದರೆ ಅವರಿಲ್ಲದ ದಿನದ ಫಜೀತಿಯನ್ನು ಎಲ್ಲರೂ ಹೇಳುತ್ತಾರೆ. ಆ ಫಜೀತಿಯಲ್ಲೇ ಅವರ ಕೆಲಸ ಕಾಣುತ್ತದೆ.

ತರಕಾರಿ ಹೆಚ್ಚುವವರು ಈರುಳ್ಳಿ ಕಥೆ ಹೇಳಿದರು. ಸೇರಿದ ಹೊಸದರಲ್ಲಿ ಒಂದು ದಿನ ಅವರನ್ನು ಒಲೆ ಮುಂದೆ ನಿಲ್ಲಿಸಿದ್ದರಂತೆ. ಬೇಗ ಆಗಲಿ ಅಂತ ಹೆಚ್ಚಿದ ಈರುಳ್ಳಿಯನ್ನೆಲ್ಲ ಒಂದೇ ಸಲ ಬಾಣಲೆಗೆ ಸುರಿದರು. ಹಾಗೆ ಸುರಿದರೆ ಅದು ಹುರಿಯುವುದಿಲ್ಲ. ತನ್ನದೇ ನೀರು ಬಿಟ್ಟುಕೊಂಡು ಬೇಯುತ್ತದೆ, ಬಣ್ಣ ಬರುವುದಿಲ್ಲ. ಅಣ್ಣ ಬಂದು ನೋಡಿ ಬೈಯಲಿಲ್ಲ. ಮುಕ್ಕಾಲು ಪಾಲು ತಟ್ಟೆಗೆ ತೆಗೆದು, “ಇವಕ್ಕೂ ಉಸಿರಾಡೋಕೆ ಜಾಗ ಬೇಡ್ವಾ?” ಅಂದರಂತೆ.

ಎರಡನೇ ಕುಕ್ ಹೇಳಿದ್ದು ಉಪ್ಪಿನ ವಿಷಯ. ಅಣ್ಣ ಮೂರು ದಿನ ಇಲ್ಲದಿದ್ದಾಗ ಗ್ರೇವಿಗೆ ಉಪ್ಪನ್ನೆಲ್ಲ ಮೊದಲೇ ಹಾಕಿದ್ದ. ಹನ್ನೆರಡೂವರೆಗೆ ಊಟ ಮಾಡಿದವರು ಏನೂ ಅನ್ನಲಿಲ್ಲ. ಎರಡು ಗಂಟೆಗೆ ಬಂದವರು ತಟ್ಟೆ ಹಾಗೇ ಬಿಟ್ಟು ಎದ್ದರು. ಅವನಿಗೆ ಅರ್ಥವೇ ಆಗಲಿಲ್ಲ. ಒಂದೇ ಪಾತ್ರೆ, ಒಂದೇ ಗ್ರೇವಿ. ಸಣ್ಣ ಉರಿಯ ಮೇಲೆ ಒಂದೂವರೆ ಗಂಟೆ ಇದ್ದ ಪಾತ್ರೆಯಲ್ಲಿ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಅದಕ್ಕೇ ಅಣ್ಣ ಯಾವಾಗಲೂ ಕೊನೆಯ ಒಂದು ಹಿಡಿ ಉಪ್ಪನ್ನು ಸ್ಟೀಲ್ ಬಟ್ಟಲಲ್ಲಿ ಪಕ್ಕಕ್ಕೆ ಇಡುತ್ತಿದ್ದರು. ರುಚಿ ನೋಡಿ ಬೇಕಾದರೆ ಹಾಕುವುದು, ಬೇಡದಿದ್ದರೆ ಬಿಡುವುದು.

ಇನ್ನೊಬ್ಬ ಸಹಾಯಕಿಗೆ ಅದೇ ಬಟ್ಟಲಿನ ಬೇರೆ ನೆನಪಿತ್ತು. ಪಾತ್ರೆ ತೊಳೆಯುವವರು ಮಾತ್ರ “ನಂಗೇನು ಗೊತ್ತು, ನಾನು ಹಿಂದೆ ಇರ್ತೀನಿ” ಅಂತ ತಪ್ಪಿಸಿಕೊಂಡರು. ಮಾರನೇ ದಿನ ತಾವಾಗಿಯೇ ಬಂದು ಒಂದು ಮಾತು ಹೇಳಿ ಹೋದರು. ಅದು ಮುಂದೆ ಭಾಷಣದಲ್ಲೇ ಬರುತ್ತದೆ.

ಕೇಳಿದ್ದನ್ನು ಅವರ ಬಾಯಿಯ ಮಾತಿನಲ್ಲೇ ಬರೆದುಕೊಳ್ಳಿ. ‘ಉಸಿರಾಡೋಕೆ ಜಾಗ ಬೇಡ್ವಾ’ ಅನ್ನುವುದನ್ನು ‘ಅಡುಗೆಯ ಸೂಕ್ಷ್ಮಗಳನ್ನು ತಿಳಿಸಿಕೊಟ್ಟರು’ ಅಂತ ಬರೆದರೆ ಮಾತು ಹೋಯಿತು, ಮನುಷ್ಯರೂ ಹೋದರು.

ಯಾವುದು ಒಳಗೆ, ಯಾವುದು ಹೊರಗೆ

ಮೂರ್ನಾಲ್ಕು ನಿಮಿಷದ ಭಾಷಣಕ್ಕೆ ಎರಡು ಘಟನೆ ಸಾಕು. ಮೂರು ಹಾಕಿದರೆ ಮೂರೂ ಅರ್ಧಂಬರ್ಧ ಆಗುತ್ತವೆ. ನಮ್ಮ ಹತ್ತಿರ ಏಳೆಂಟು ಇದ್ದವು. ಉಪ್ಪಿನ ಬಟ್ಟಲನ್ನು ಆರಿಸಿದ್ದಕ್ಕೆ ಕಾರಣ, ಅದು ಇಬ್ಬರ ಬಾಯಲ್ಲಿ ಬೇರೆ ಬೇರೆಯಾಗಿ ಬಂತು. ಒಂದೇ ವಸ್ತು ಇಬ್ಬರ ನೆನಪಿನಲ್ಲಿ ಇದ್ದರೆ ಅದನ್ನೇ ಹಿಡಿದುಕೊಳ್ಳಿ. ಭಾಷಣಕ್ಕೆ ದಾರ ಸಿಕ್ಕಿತು ಅಂತ ಅರ್ಥ. ಈರುಳ್ಳಿ ಕಥೆ ನನಗೆ ತುಂಬಾ ಇಷ್ಟ. ಆದರೂ ಬಿಟ್ಟೆ. ಉಪ್ಪು, ಈರುಳ್ಳಿ ಎರಡೂ ಅಡುಗೆ ಕಲಿಸಿದ ಕಥೆಗಳೇ. ಎರಡನ್ನೂ ಹೇಳಿದರೆ ಕೇಳುವವರಿಗೆ ಪಾಠ ಕೇಳಿದ ಹಾಗೆ ಆಗುತ್ತದೆ. ಅದನ್ನು ಎಲ್ಲರೂ ಸಹಿ ಹಾಕುವ ಕಾರ್ಡಿನಲ್ಲಿ ಬರೆಸಿದೆವು.

ಒಬ್ಬರು ಊಟದ ಲೆಕ್ಕ ಹಾಕಿಕೊಂಡು ಬಂದಿದ್ದರು. ದಿನಕ್ಕೆ 180, ವರ್ಷಕ್ಕೆ 300 ದಿನ, 22 ವರ್ಷ, ಸುಮಾರು 12 ಲಕ್ಷ ಊಟ. ಲೆಕ್ಕ ಸರಿಯಾಗೇ ಇತ್ತು. ಆದರೆ 12 ಲಕ್ಷ ಊಟ ಅಂದಾಗ ಯಾರ ಕಣ್ಣ ಮುಂದೂ ಏನೂ ಬರುವುದಿಲ್ಲ. ಅದನ್ನು ಮ್ಯಾನೇಜರಿಗೆ ಕೊಟ್ಟೆವು. ಅವರಿಗೆ ತುಂಬಾ ಖುಷಿಯಾಯಿತು.

ಹೊರಗೇ ಉಳಿಯಬೇಕಾದವು ಕೆಲವಿವೆ. ಊಟ ಮಾಡುವವರಿಗೆ ಗೊತ್ತಿಲ್ಲದ ಅಡುಗೆಮನೆ ಗುಟ್ಟನ್ನು ಅವರ ಮುಂದೆ ಹೇಳಬೇಡಿ. ಅಂದು ಸೀದು ಹೋದದ್ದನ್ನು ಹೇಗೋ ಸರಿಮಾಡಿ ಬಡಿಸಿದೆವು ಅನ್ನುವ ಕಥೆ ನಮಗೆ ತಮಾಷೆ. ತಿಂದವರು ಅಲ್ಲೇ ಕೂತಿರುತ್ತಾರೆ. ಆ ಕೆಟ್ಟ ಹೆಸರು ಹೆಡ್ ಕುಕ್ ತಲೆಗೇ ಬರುತ್ತದೆ, ಅದೂ ಕೊನೇ ದಿನ. ಅವರ ಕೋಪದ ಕಥೆಯೂ ಹಾಗೇ. ಒಲೆ ಮುಂದೆ ಯಾರಿಗೆ ಕೋಪ ಬರಲ್ಲ? ಆದರೆ ಅವರ ಮನೆಯವರ ಮುಂದೆ ಅದನ್ನು ಎತ್ತಿದರೆ ನಗು ಬರುವುದಿಲ್ಲ. ಸಂಬಳ, ಬಾಕಿ, ಮಂಡಿ ನೋವು, ‘ಇವರ ಜಾಗಕ್ಕೆ ಬರುವವರು ಇವರ ಕಾಲ್ಧೂಳಿಗೂ ಸಮ ಇಲ್ಲ’ ಅನ್ನುವ ಮಾತು, ಇವೆಲ್ಲ ಬೇಡವೇ ಬೇಡ. ‘ಇನ್ನು ಮನೆಯವರಿಗೆ ದಿನಾ ಹಬ್ಬ’ ಅನ್ನುವ ಜೋಕಂತೂ ಸಾಕಾಗಿ ಹೋಗಿದೆ. ನಿವೃತ್ತಿ ಅಂದರೆ ಅವರು ಅಡುಗೆ ಮಾಡಬೇಕಾಗಿಲ್ಲ ಅಂತ ಅಲ್ವಾ?

ತಪ್ಪಿನ ಕಥೆ ಹೇಳುವುದಾದರೆ ಒಂದೇ ನಿಯಮ: ತಪ್ಪು ಮಾಡಿದವರೇ ಅದನ್ನು ಹೇಳಬೇಕು. ಗ್ರೇವಿ ಉಪ್ಪಾದ ಕಥೆಯನ್ನು ನಾನು ಹೇಳಿದ್ದರೆ ಎರಡನೇ ಕುಕ್ ಮುಖ ಕೆಂಪಾಗುತ್ತಿತ್ತು. ಅವನೇ ಹೇಳಿಕೊಂಡಿದ್ದಕ್ಕೆ ಎಲ್ಲರೂ ಅವನ ಜೊತೆ ನಕ್ಕರು.

ಯಾರು ಮಾತಾಡಬೇಕು

ತಂಡದ ಭಾಷಣ ಅಂದರೆ ಎಲ್ಲರೂ ಒಂದೊಂದು ವಾಕ್ಯ ಓದುವುದಲ್ಲ. ಅದು ಶಾಲೆಯ ನಾಟಕದ ಹಾಗೆ ಆಗುತ್ತದೆ. ಎರಡು ಅಥವಾ ಮೂರು ದನಿ ಸಾಕು, ಉಳಿದವರು ಪಕ್ಕದಲ್ಲಿ ನಿಂತಿರಲಿ.

ಶುರು ಮತ್ತು ಮುಕ್ತಾಯ ಒಬ್ಬರದೇ ಆಗಿರಲಿ. ಹೆಡ್ ಕುಕ್ ಪಕ್ಕದಲ್ಲಿ ಜಾಸ್ತಿ ಹೊತ್ತು ನಿಂತವರು ಆ ಕೆಲಸಕ್ಕೆ ಸರಿ. ಚೆನ್ನಾಗಿ ಮಾತಾಡುವವರನ್ನು ಹುಡುಕಬೇಡಿ. ಮುಂದೆ ಹೆಡ್ ಕುಕ್ ಆಗುವವರು ಮುಖ್ಯ ಭಾಷಣ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಎಷ್ಟೇ ಒಳ್ಳೆಯ ಮಾತಾಡಿದರೂ ಕೇಳುವವರಿಗೆ ಅದು ಹೊಸಬರ ಪಟ್ಟಾಭಿಷೇಕದ ಹಾಗೆ ಕೇಳುತ್ತದೆ. ಅವರು ತಮ್ಮ ಒಂದು ತಪ್ಪು ಹೇಳಿ ಪಕ್ಕಕ್ಕೆ ಸರಿದರೆ ಚೆಂದ.

ನಮ್ಮಲ್ಲಿ ಒಂಬತ್ತು ವರ್ಷ ಜೊತೆಗಿದ್ದ ಸಹಾಯಕಿ ಮುಖ್ಯ ದನಿ. ನಡುವೆ ಎರಡನೇ ಕುಕ್ ಮತ್ತು ಪಾತ್ರೆ ತೊಳೆಯುವವರು. ಇನ್ನೊಬ್ಬ ಸಹಾಯಕನಾದ ನಾನು ಬರೆದೆ, ಮಾತಾಡಲಿಲ್ಲ.

ಬರೆಯುವುದು

ಸಂಬೋಧನೆ ಮೊದಲು ತೀರ್ಮಾನಿಸಿ. ದಿನಾ ‘ಅಣ್ಣ’ ಅನ್ನುವವರನ್ನು ಆವತ್ತೊಂದು ದಿನ ‘ಶ್ರೀಯುತರು’ ಅಂದರೆ ಅವರೇ ಹಿಂದೆ ತಿರುಗಿ ನೋಡುತ್ತಾರೆ. ಅಡುಗೆಮನೆಯಲ್ಲಿ ಏನಂತ ಕರೆಯುತ್ತೀರೋ ಅದೇ ಇರಲಿ, ಜೊತೆಗೆ ‘ನೀವು’. ಪೂರ್ತಿ ಹೆಸರು ಒಂದು ಸಲ ಬಂದರೆ ಸಾಕು, ಅದನ್ನೂ ನಿರೂಪಕರು ಹೇಳಿರುತ್ತಾರೆ.

ಮಾತು ಅವರ ಜೊತೆ ಆಗಿರಲಿ, ಅವರ ಬಗ್ಗೆ ಬೇಡ. ‘ಅವರು ಹೇಳುತ್ತಿದ್ದರು’ ಅನ್ನುವ ಕಡೆ ‘ನೀವು ಹೇಳ್ತಿದ್ರಿ’ ಅಂತ ಬರೆಯಿರಿ. ಇದರಲ್ಲಿ ಒಂದು ತೊಡಕು ಇದೆ. ಅವರಿಗೆ ಗೊತ್ತಿರುವುದನ್ನು ಅವರಿಗೇ ಹೇಳುತ್ತೀರಿ, ಅವರ ಮನೆಯವರಿಗೆ ಮತ್ತು ಆಫೀಸಿನವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಹಾಗಾಗಿ ಅಡುಗೆಮನೆಯ ವಿಷಯ ಬಂದಲ್ಲೆಲ್ಲ ಒಂದು ವಾಕ್ಯದ ವಿವರಣೆ ಬೇಕು, ಅದಕ್ಕಿಂತ ಜಾಸ್ತಿ ಬೇಡ.

ಉದ್ದ ಎಷ್ಟು? ನಿಧಾನವಾಗಿ, ನಡುವೆ ನಿಂತು ಓದಿದರೆ ನಮ್ಮವರ ವೇಗ ನಿಮಿಷಕ್ಕೆ 70ರಿಂದ 80 ಪದ ಇತ್ತು. ನಿಮ್ಮದು ಬೇರೆ ಇರಬಹುದು, ಫೋನಿನಲ್ಲಿ ಟೈಮರ್ ಇಟ್ಟು ನೋಡಿಕೊಳ್ಳಿ. ನಾವು ಕೊನೆಗೆ ಓದಿದ್ದು ಇದು:

*ಸಹಾಯಕಿ:* ಎಲ್ಲರಿಗೂ ನಮಸ್ಕಾರ. ನಾವು ಅಡುಗೆಮನೆಯವರು. ನಮ್ಮ ಅಡುಗೆ ನೀವು ದಿನಾ ತಿಂದಿದ್ದೀರಿ, ನಮ್ಮ ಮಾತು ಇವತ್ತೇ ಮೊದಲು ಕೇಳ್ತಿದ್ದೀರಿ. ಮೂರ್ನಾಲ್ಕು ನಿಮಿಷ ತಗೊಳ್ತೀವಿ.

ಅಣ್ಣ, ನಾನು ಸೇರಿದ ಮೊದಲ ದಿನ ನೀವು ನನ್ನ ಕೈಗೆ ಒಂದು ಬಟ್ಟಲು ಕೊಟ್ರಿ. ಅದರಲ್ಲಿ ಒಂದು ಹಿಡಿ ಉಪ್ಪಿತ್ತು. “ಇದನ್ನ ಹಿಡ್ಕೊಂಡು ಇಲ್ಲೇ ನಿಂತ್ಕೊ. ನಾನು ಕೇಳೋವರೆಗೂ ಯಾರಿಗೂ ಕೊಡಬೇಡ” ಅಂದ್ರಿ. ಅರ್ಧ ಗಂಟೆ ಆಯ್ತು, ಒಂದು ಗಂಟೆ ಆಯ್ತು, ನೀವು ಕೇಳಲೇ ಇಲ್ಲ. ಹೊಸಬಳು ಅಂತ ಗೋಳು ಹೊಯ್ಕೊಳ್ತಿದ್ದಾರೆ ಅಂದ್ಕೊಂಡೆ. ಕೊನೆಗೆ ಬಂದ್ರಿ. ಸೌಟಿನಲ್ಲಿ ಚೂರು ತೆಗೆದು, ಊದಿ, ರುಚಿ ನೋಡಿದ್ರಿ. ಬಟ್ಟಲಿಂದ ಎರಡೇ ಎರಡು ಚಿಟಿಕೆ ತಗೊಂಡ್ರಿ. “ಉಳಿದದ್ದು ನಾಳೆಗೆ” ಅಂತ ಹೋದ್ರಿ. ಆವತ್ತು ಮನೆಗೆ ಹೋಗಿ, ಇವತ್ತೆಲ್ಲ ಉಪ್ಪು ಹಿಡ್ಕೊಂಡು ನಿಂತಿದ್ದೆ ಅಂತ ಹೇಳಿದೆ. ಅದಕ್ಕೂ ಸಂಬಳ ಕೊಡ್ತಾರಾ ಅಂತ ಕೇಳಿದ್ರು.

ಆ ಬಟ್ಟಲು ಯಾಕೆ ಅಂತ ನನಗೆ ಗೊತ್ತಾಗೋಕೆ ಒಂದು ವರ್ಷ ಬೇಕಾಯ್ತು. ಇವನಿಗೆ ಮೂರೇ ದಿನ ಸಾಕಾಯ್ತು.

*ಎರಡನೇ ಕುಕ್:* ಅಣ್ಣ, ನೀವು ಮೂರು ದಿನ ರಜೆ ಹಾಕಿದ್ರಿ. ಆ ಬಟ್ಟಲಿನ ತಾಪತ್ರಯ ಯಾಕೆ ಅಂತ ನಾನು ಉಪ್ಪನ್ನೆಲ್ಲ ಮೊದಲೇ ಹಾಕಿದೆ. ಮೊದಲು ಬಂದವರು ಚೆನ್ನಾಗಿದೆ ಅಂದ್ರು. ನಾನೂ ದೊಡ್ಡ ಕುಕ್ ಆದೆ ಅಂದ್ಕೊಂಡೆ. ಕೊನೆಗೆ ಬಂದವರು ನೀರಿನ ಜಗ್ ಖಾಲಿ ಮಾಡಿದ್ರು. ಒಲೆ ಮೇಲೆ ಇದ್ದಷ್ಟು ಹೊತ್ತೂ ನೀರು ಹೋಗುತ್ತೆ, ಉಪ್ಪು ಉಳಿಯುತ್ತೆ. ನಾನು ಮೊದಲು ಬರೋರಿಗೆ ಅಡುಗೆ ಮಾಡಿದ್ದೆ. ನೀವು ಕೊನೆಗೆ ಬರೋರಿಗೂ ಮಾಡ್ತಿದ್ರಿ. ನೀವು ವಾಪಸ್ ಬಂದಾಗ ನಾನು ಏನೂ ಹೇಳಲಿಲ್ಲ. ನೀವೂ ಏನೂ ಕೇಳಲಿಲ್ಲ. ಬಟ್ಟಲು ತೊಳೆದು ನನ್ನ ಮುಂದೆ ಇಟ್ರಿ.

*ಪಾತ್ರೆ ತೊಳೆಯುವವರು:* ನಾನು ಜಾಸ್ತಿ ಹೇಳಲ್ಲ. ನಮ್ಮಲ್ಲಿ ಎಲ್ಲರಿಗಿಂತ ಕೊನೆಗೆ ಊಟ ಮಾಡೋದು ನಾನು. ಆ ಹೊತ್ತಿಗೆ ಪಾತ್ರೆಯಲ್ಲಿ ಏನಿರುತ್ತೆ ಅಂತ ನಿಮಗೆ ಗೊತ್ತು. ಅಣ್ಣ ಬಡಿಸೋಕೆ ಶುರು ಮಾಡೋ ಮುಂಚೆನೇ ಒಂದು ತಟ್ಟೆ ತೆಗೆದು, ಮುಚ್ಚಿ, ಮೇಲಿನ ಶೆಲ್ಫಿನಲ್ಲಿ ಇಡ್ತಿದ್ರು. ಅದು ನಂದು. ಒಂದು ದಿನಾನೂ ಮರೀಲಿಲ್ಲ.

*ಸಹಾಯಕಿ:* ಅಣ್ಣ, ಇವತ್ತಿನ ಅಡುಗೆ ನಾವೇ ಮಾಡಿದ್ದು. ನಿಮ್ಮನ್ನ ಒಳಗೆ ಬಿಡಲಿಲ್ಲ ಅಂತ ನಿಮಗೆ ಸಿಟ್ಟಿದೆ, ಗೊತ್ತು. ಗ್ರೇವಿ ಒಲೆ ಮೇಲಿದೆ. ಒಂದು ಹಿಡಿ ಉಪ್ಪು ಉಳಿಸಿದ್ದೀವಿ. ಬಟ್ಟಲು ಇಲ್ಲಿದೆ, ಸೌಟು ಇಲ್ಲಿದೆ. ರುಚಿ ನೋಡಿ ಹೇಳಿ.

ಇಷ್ಟೇ. ‘ನಿಮ್ಮ ಮುಂದಿನ ಬದುಕು ಸುಖಮಯವಾಗಿರಲಿ’ ಅಂತ ಒಂದು ಸಾಲು ಮೊದಲ ಕರಡಿನಲ್ಲಿ ಇತ್ತು. ತೆಗೆದೆ. ಅದನ್ನು ಆವತ್ತು ಮಾತಾಡುವ ಉಳಿದವರು ಹೇಳಿಯೇ ಹೇಳುತ್ತಾರೆ.

ಕರಡಿನಲ್ಲಿ ಏನೇನು ಬದಲಾಯಿತು

‘ನೀವು ಕೊನೆಗೆ ಬರೋರಿಗೂ ಮಾಡ್ತಿದ್ರಿ’ ಅನ್ನುವ ಕಡೆ ಮೊದಲು ‘ನೀವು ಎಲ್ಲರನ್ನೂ ಸಮಾನವಾಗಿ ಕಾಣುತ್ತಿದ್ದಿರಿ’ ಅಂತ ಇತ್ತು. ಆ ಹಳೆಯ ಸಾಲು ಯಾವ ಮೇಷ್ಟರಿಗೂ, ಯಾವ ಪೋಸ್ಟ್‌ಮ್ಯಾನಿಗೂ ಹೊಂದುತ್ತದೆ. ಬರೆದ ಮೇಲೆ ಪ್ರತಿ ಸಾಲಿಗೂ ಹೀಗೆ ಒಂದು ಪರೀಕ್ಷೆ ಮಾಡಿ. ಅದೇ ಸಾಲನ್ನು ಬೇರೆ ಕೆಲಸದವರ ನಿವೃತ್ತಿಯಲ್ಲಿ ಓದಬಹುದಾ? ಓದಬಹುದಾದರೆ ಹೊಡೆದು ಹಾಕಿ.

ಪಾತ್ರೆ ತೊಳೆಯುವವರ ಮಾತಿಗೆ ನಾನು ಬುದ್ಧಿವಂತಿಕೆಯಿಂದ ‘ಅದು ಬರೀ ತಟ್ಟೆ ಅಲ್ಲ, ಪ್ರೀತಿ’ ಅಂತ ಸೇರಿಸಿದ್ದೆ. ಅವರು ಓದಿ ನೋಡಿ, “ತಟ್ಟೆನೇ ಅದು” ಅಂದರು. ಸರಿಯಾಗೇ ಹೇಳಿದರು. ತಟ್ಟೆ ಮುಚ್ಚಿ ಶೆಲ್ಫಿನಲ್ಲಿ ಇಟ್ಟರು ಅಂದ ಮೇಲೆ ಅದರ ಅರ್ಥ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಅವರು ಹೇಳಿದ್ದು ‘ಅಣ್ಣ ಇಡ್ತಿದ್ರು’ ಅಂತ, ‘ನೀವು’ ಅಂತಲ್ಲ. ಅದನ್ನೂ ತಿದ್ದಲು ಹೋಗಲಿಲ್ಲ. ಅವರಿಗೆ ಎದುರಿಗೆ ನೋಡಿ ಹೇಳುವುದು ಕಷ್ಟ. ಜನರ ಕಡೆ ನೋಡಿ ಹೇಳಲಿ ಅಂತ ಬಿಟ್ಟೆ.

ವರ್ಷಗಳನ್ನು ಮಾತ್ರ ನೆನಪಿನಿಂದ ಬರೆಯಬೇಡಿ. ನಮ್ಮಲ್ಲಿ ಒಬ್ಬರು 20 ಅಂದರು, ಒಬ್ಬರು 25. ಆಫೀಸಿನ ರಿಜಿಸ್ಟರ್ ನೋಡಿದಾಗ 22. ನಿವೃತ್ತಿಯಾಗುವವರಿಗೆ ಆ ಎರಡು ವರ್ಷ ಸಣ್ಣದಲ್ಲ. ಘಟನೆಯನ್ನೂ ಅದನ್ನು ಕಂಡ ಇನ್ನೊಬ್ಬರಿಗೆ ಓದಿ ಹೇಳಿ. ಆಡಿರದ ಮಾತನ್ನು ಹೆಡ್ ಕುಕ್ ಬಾಯಿಗೆ ತುರುಕಿದರೆ ಅವರೇ ಮೊದಲು ಗಮನಿಸುತ್ತಾರೆ.

ಅಭ್ಯಾಸ ಮತ್ತು ಆ ದಿನ

ಎರಡು ಸಲ ಅಭ್ಯಾಸ ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಬಾಯಿಪಾಠ ಆಗುತ್ತದೆ. ಮೊದಲನೆಯದನ್ನು ಅಡುಗೆಮನೆಯಲ್ಲೇ ಮಾಡಿದೆವು, ಆಗ ಒಂದು ವಿಷಯ ಗೊತ್ತಾಯಿತು. ಎಕ್ಸಾಸ್ಟ್ ಫ್ಯಾನ್ ಸದ್ದಿನ ಮೇಲೆ ಕೂಗಿ ಮಾತಾಡಿ ನಮ್ಮೆಲ್ಲರ ದನಿಯೂ ಜೋರು. ಅದೇ ಜೋರಿನಲ್ಲಿ ಊಟದ ಹಾಲಿನಲ್ಲಿ ಓದಿದರೆ ಜಗಳದ ಹಾಗೆ ಕೇಳುತ್ತದೆ. ಎರಡನೇ ಅಭ್ಯಾಸವನ್ನು ಹಾಲಿನಲ್ಲೇ, ಒಬ್ಬರನ್ನು ಕೊನೇ ಕುರ್ಚಿಯಲ್ಲಿ ಕೂರಿಸಿ ಮಾಡಿ. ಇಪ್ಪತ್ತೈದು ಜನರ ಕೂಟಕ್ಕೆ ಮೈಕ್ ಬೇಡ, ಆದರೆ ಫ್ಯಾನ್ ಆಫ್ ಆಗಿರಲೇಬೇಕು. ಆಫ್ ಮಾಡುವವರು ಯಾರು ಅಂತ ಮೊದಲೇ ಹೇಳಿ ಇಡಿ. ಒಲೆ ಮೇಲೆ ಏನಾದರೂ ಇದ್ದರೆ ಅದನ್ನು ನೋಡಿಕೊಳ್ಳಲೂ ಒಬ್ಬರು ಬೇಕು. ನಮ್ಮಲ್ಲಿ ಅದು ನಾನು. ಬಾಗಿಲಲ್ಲಿ ನಿಂತು ಕೇಳಿದೆ.

ಕಾಗದ ಒದ್ದೆಯಾಗುತ್ತದೆ, ಎಣ್ಣೆ ತಾಗುತ್ತದೆ. ದಪ್ಪ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬಾಲ್‌ಪೆನ್ನಿನಿಂದ ಬರೆಯಿರಿ, ಇಂಕ್ ಪೆನ್ ಬೇಡ. ಫೋನ್ ನೋಡಿ ಓದುವುದೂ ಬೇಡ, ಆ ಹೊತ್ತಿಗೇ ಯಾರಾದರೂ ಕರೆ ಮಾಡುತ್ತಾರೆ. ಮೂವರಿಗೂ ಪೂರ್ತಿ ಭಾಷಣದ ಪ್ರತಿ ಕೊಡಿ, ಬರೀ ಅವರ ಭಾಗ ಅಲ್ಲ. ಇದಕ್ಕೆ ಕಾರಣ ಇದೆ. ಒಬ್ಬರಿಗೆ ಗಂಟಲು ಕಟ್ಟಿದರೆ ಪಕ್ಕದವರು ಅದೇ ಸಾಲಿನಿಂದ ಮುಂದುವರಿಸಬೇಕು. ‘ಸ್ವಲ್ಪ ನೀರು ಕುಡಿ, ಸಮಾಧಾನ’ ಅಂತೆಲ್ಲ ಶುರುವಾದರೆ ಜನರ ಗಮನ ನಿವೃತ್ತಿಯಾಗುವವರನ್ನು ಬಿಟ್ಟು ಅಳುವವರ ಕಡೆ ಹೋಗುತ್ತದೆ.

ನಮ್ಮಲ್ಲಿ ಗಂಟಲು ಕಟ್ಟಿದ್ದು ಎರಡನೇ ಕುಕ್‌ಗೆ, ‘ಬಟ್ಟಲು ತೊಳೆದು’ ಅನ್ನುವಲ್ಲಿ. ಸಹಾಯಕಿ ಆ ವಾಕ್ಯ ಮುಗಿಸಿದಳು. ಒಂದು ಕ್ಷಣವೂ ನಿಲ್ಲಲಿಲ್ಲ.

ವಸ್ತುವೊಂದನ್ನು ಕೈಗೆ ಕೊಡುವ ಯೋಚನೆ ಇದ್ದರೆ ಅದು ಯಾರ ಸ್ವತ್ತು ಅಂತ ಕೇಳಿಕೊಳ್ಳಿ. ಆ ಬಟ್ಟಲು ಕ್ಯಾಂಟೀನಿನ ಲೆಕ್ಕದಲ್ಲಿತ್ತು. ಮುಂಚಿನ ದಿನವೇ ಅನುಮತಿ ತೆಗೆದುಕೊಂಡು, ಹೊಸ ಬಟ್ಟಲೊಂದನ್ನು ತಂದಿಟ್ಟೆವು. ಅಂಚು ನೆಗ್ಗಿದ ಹಳೆಯದನ್ನು ಹೊಳಪು ಮಾಡಿಸಲು ಹೋಗಬೇಡಿ ಅಂತ ನಾನೇ ತಡೆದೆ.

ಭಾಷಣ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅಣ್ಣ ಏನು ಮಾಡುತ್ತಾರೆ ಅಂತ ನೋಡುತ್ತಿದ್ದರು. ಇದನ್ನು ಮುಂಚೆಯೇ ಯೋಚಿಸಿರಿ. ಕೊನೆಯಲ್ಲಿ ಅವರಿಗೆ ಒಂದು ಕೆಲಸ ಕೊಟ್ಟರೆ ಅದು ಆಗುವವರೆಗೂ ನಿರೂಪಕರು ಬಾಯಿ ತೆರೆಯಬಾರದು. ಅಣ್ಣ ಎದ್ದರು. ನೇರ ಒಳಗೆ ಬಂದು, ಮುಚ್ಚಳ ತೆಗೆದು, ಸೌಟಿನಲ್ಲಿ ಚೂರು ತೆಗೆದು ಊದಿದರು. ರುಚಿ ನೋಡಿದರು. ಬಟ್ಟಲಿಂದ ಒಂದು ಚಿಟಿಕೆ ಹಾಕಿ ಕಲಕಿದರು. ನನ್ನ ಕಡೆ ತಿರುಗಿ, “ಉರಿ ಯಾಕೆ ಇಷ್ಟು ಜೋರಿಟ್ಟಿದ್ದೀಯ?” ಅಂದರು.